ಮದ್ಯ ವಿತ್‌ಡ್ರಾವಲ್: ಶುಶ್ರೂಷಾ ತಪಾಸಣೆ, ಅಂಕ ಮಾಪಕಗಳು ಮತ್ತು ಸುರಕ್ಷಿತ ನಿಗಾ
ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡ್‌ಗಳ ಸ್ಟಾಫ್ ನರ್ಸ್‌ಗಳಿಗೆ ಹಾಗೂ ಅಂತಿಮ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಬೋಧನಾ ಟಿಪ್ಪಣಿ

ದೀರ್ಘಕಾಲ ಪ್ರತಿದಿನ ಕುಡಿಯುವವರ ಮಿದುಳು ಮದ್ಯದ ಮಂಕು ಪರಿಣಾಮಕ್ಕೆ ಹೊಂದಿಕೊಂಡಿರುತ್ತದೆ. ಶಮನಕಾರಿಯಾದ ಗ್ಯಾಬಾ ವ್ಯವಸ್ಥೆಯ ಸ್ಪಂದನೆ ಕುಗ್ಗಿ, ಉದ್ರೇಕಕಾರಿಯಾದ ಗ್ಲುಟಮೇಟ್ ವ್ಯವಸ್ಥೆ ಹೆಚ್ಚು ಚುರುಕಾಗಿರುತ್ತದೆ. ಕುಡಿತ ಥಟ್ಟನೆ ನಿಂತಾಗ ಈ ಉದ್ರೇಕವನ್ನು ತಡೆಯುವುದು ಏನೂ ಉಳಿಯುವುದಿಲ್ಲ. ಕೈ ನಡುಕ, ಬೆವರು, ಆತಂಕ, ಫಿಟ್ಸ್, ಸನ್ನಿ ಎಲ್ಲವೂ ಇದರಿಂದಲೇ ಹುಟ್ಟುತ್ತವೆ. ಇಂಥ ರೋಗಿಗಳಲ್ಲಿ ಹಲವರು ಬೇರೆ ಕಾರಣಕ್ಕೆ ದಾಖಲಾಗಿ, ಹಾಸಿಗೆ ಹಿಡಿದ ಕಾರಣದಿಂದಲೇ ಕುಡಿತ ನಿಲ್ಲಿಸಿರುತ್ತಾರೆ. ಆದ್ದರಿಂದ ಮೊದಲ ಸುಳಿವು ಸಾಮಾನ್ಯವಾಗಿ ಕಾಣುವುದು ನರ್ಸ್‌ಗೇ.

ಕೇಳಬೇಕಾದ ಮೊದಲ ಪ್ರಶ್ನೆ

ದಾಖಲಾತಿಯ ವೇಳೆ "ಕುಡಿಯುತ್ತೀರಾ?" ಎಂದು ಕೇಳಿ, "ಇಲ್ಲ" ಎಂಬ ಉತ್ತರವನ್ನು ಬರೆದುಕೊಂಡು ಮುಂದೆ ಹೋಗುವುದು ಸಾಲದು. ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು, ಎಷ್ಟು ವರ್ಷಗಳಿಂದ, ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ತೀರ್ಪಿನ ಧ್ವನಿಯಿಲ್ಲದೆ, ಸಾಧ್ಯವಾದರೆ ಸಂಬಂಧಿಕರು ದೂರವಿರುವಾಗ ಕೇಳಬೇಕು. ರೋಗಿಯ ಒಪ್ಪಿಗೆ ಪಡೆದು ಮನೆಯವರಿಂದಲೂ ಖಚಿತಪಡಿಸಿಕೊಳ್ಳಬೇಕು. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿತ್ತೇ ಎಂಬ ಪ್ರಶ್ನೆಯನ್ನು ಎಂದೂ ಬಿಡಬಾರದು, ಏಕೆಂದರೆ ಒಮ್ಮೆ ತೀವ್ರವಾಗಿ ಕಾಡಿದ ವಿತ್‌ಡ್ರಾವಲ್ ಮುಂದಿನ ಸಲವೂ ತೀವ್ರವಾಗುವ ಸಾಧ್ಯತೆ ಹೆಚ್ಚು.

ಕೊನೆಯ ಕುಡಿತದ ಗಂಟೆ ಗೊತ್ತಿದ್ದರೆ ಮುಂದಿನ ದಾರಿಯನ್ನು ಬಹುಮಟ್ಟಿಗೆ ಊಹಿಸಬಹುದು. ನಡುಕ, ಬೆವರು, ವಾಕರಿಕೆ, ನಿದ್ರಾಹೀನತೆ ಸಾಮಾನ್ಯವಾಗಿ 6ರಿಂದ 24 ಗಂಟೆಗಳೊಳಗೆ ಆರಂಭವಾಗುತ್ತವೆ. ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಗಳಲ್ಲಿ ಬರುತ್ತದೆ, ಅದೂ ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ. ಡೆಲಿರಿಯಂ ಟ್ರೆಮೆನ್ಸ್ ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಕಾಣಿಸಿಕೊಳ್ಳುತ್ತದೆ. ಎರಡನೆಯ ದಿನ ಶಾಂತವಾಗಿದ್ದ ರೋಗಿಯ ಅಪಾಯ ಕಳೆದಿದೆ ಎಂದು ನಿಗಾ ಸಡಿಲಿಸುವುದು ಈ ಕಾರಣಕ್ಕೇ ತಪ್ಪು.

ಲಕ್ಷಣಗಳು ಹುಟ್ಟುವ ಮೊದಲೇ ಅಪಾಯವನ್ನು ಅಂದಾಜಿಸಲು ಪಾಸ್ ಮಾಪಕವಿದೆ. ಅದರ 10 ಅಂಶಗಳಲ್ಲಿ 4 ಅಥವಾ ಹೆಚ್ಚು ಅಂಕ ಬಂದರೆ ಜಟಿಲ ವಿತ್‌ಡ್ರಾವಲ್‌ನ ಅಪಾಯ ಹೆಚ್ಚೆಂದು ತಿಳಿದು ವೈದ್ಯರಿಗೆ ಆಗಲೇ ತಿಳಿಸಬೇಕು. ಆಡಿಟ್ ಪ್ರಶ್ನಾವಳಿ ಕುಡಿತದ ಅಭ್ಯಾಸವನ್ನು ಅಳೆಯುತ್ತದೆಯೇ ಹೊರತು ಈ ಕ್ಷಣದ ವಿತ್‌ಡ್ರಾವಲ್ ತೀವ್ರತೆಯನ್ನಲ್ಲ.

ಸೀವಾ ಮಾಪಕವನ್ನು ಬಳಸುವ ಬಗೆ

ವಾರ್ಡ್‌ಗಳಲ್ಲಿ ಸೀವಾ ಎಂದು ಕರೆಯುವ ಸಿಐಡಬ್ಲ್ಯುಎ-ಎಆರ್ ಮಾಪಕದಲ್ಲಿ 10 ಅಂಶಗಳಿವೆ: ವಾಕರಿಕೆ ಮತ್ತು ವಾಂತಿ, ನಡುಕ, ಬೆವರು, ಆತಂಕ, ಚಡಪಡಿಕೆ, ಸ್ಪರ್ಶದ, ಶ್ರವಣದ ಹಾಗೂ ದೃಷ್ಟಿಯ ಏರುಪೇರು, ತಲೆನೋವು, ದಿಕ್ಕು-ದಿನಗಳ ಅರಿವು. ಮೊದಲ ಒಂಬತ್ತಕ್ಕೆ ತಲಾ 0ಯಿಂದ 7, ಕೊನೆಯದಕ್ಕೆ 0ಯಿಂದ 4, ಒಟ್ಟು ಗರಿಷ್ಠ 67 ಅಂಕ. ಈ ಟಿಪ್ಪಣಿಯಲ್ಲಿ 8ಕ್ಕಿಂತ ಕಡಿಮೆ ಸೌಮ್ಯ, 8ರಿಂದ 15 ಮಧ್ಯಮ, 15 ಮೀರಿದರೆ ತೀವ್ರ ಎಂದು ಎಣಿಸಲಾಗಿದೆ. ಕೆಲವು ಕಡೆ ಈ ಗಡಿಗಳು ಸ್ವಲ್ಪ ಬೇರೆಯಾಗಿರುವುದರಿಂದ ನಿಮ್ಮ ವಾರ್ಡಿನ ಆದೇಶಪತ್ರದಲ್ಲಿರುವುದನ್ನೇ ಪಾಲಿಸಿರಿ.

ಒಂದು ಕಲ್ಪಿತ ಪ್ರಕರಣವನ್ನು ನೋಡೋಣ. 46 ವರ್ಷದ ಪುರುಷ, ತೊಡೆಮೂಳೆ ಮುರಿದು ಸೋಮವಾರ ರಾತ್ರಿ ದಾಖಲಾಗಿದ್ದಾರೆ. ಕೊನೆಯ ಕುಡಿತ ಅದೇ ರಾತ್ರಿ 9 ಗಂಟೆಗೆ. ಮಂಗಳವಾರ ಬೆಳಿಗ್ಗೆ 6ಕ್ಕೆ ತಪಾಸಣೆ ಮಾಡುವಾಗ ನರ್ಸ್ ಅವರ ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೆರಳುಗಳನ್ನು ಅಗಲಿಸಿ ನೋಡುತ್ತಾರೆ. ನಡುಕ ಸ್ಪಷ್ಟ, ಆದರೆ ಕೈ ಕೆಳಗಿಟ್ಟಾಗ ಇಲ್ಲ: 4. ಕಣ್ಣಿಗೆ ಕಾಣದೆ, ಬೆರಳ ತುದಿಗೆ ತುದಿ ತಾಗಿಸಿದಾಗ ಮಾತ್ರ ತಿಳಿಯುವ ನಡುಕವಾಗಿದ್ದರೆ 1 ಆಗುತ್ತಿತ್ತು. ಹಣೆಯ ಮೇಲೆ ಬೆವರ ಹನಿಗಳು: 4. ಮಾತಿನಲ್ಲಿ ಎದ್ದು ಕಾಣುವ ಆತಂಕ: 4. ವಾಂತಿಯಿಲ್ಲದ ಸ್ವಲ್ಪ ವಾಕರಿಕೆ: 1. ತುಸು ಚಡಪಡಿಕೆ: 1. ಚರ್ಮದ ಮೇಲೆ ಅತಿ ಸೌಮ್ಯ ತುರಿಕೆ: 1. ಬೆಳಕು ತೀರ ಸ್ವಲ್ಪ ಚುಚ್ಚುತ್ತದೆ: 1. ಸೌಮ್ಯ ತಲೆನೋವು: 2. ದಿನಾಂಕ ಹೇಳಲು ಅನುಮಾನ: 1. ಇಲ್ಲದ ಸದ್ದುಗಳೇನೂ ಕೇಳಿಸುತ್ತಿಲ್ಲ: 0. ಒಟ್ಟು 19. ತಲೆಸುತ್ತನ್ನು ತಲೆನೋವಿನ ಅಂಕಕ್ಕೆ ಸೇರಿಸಬಾರದು ಎಂಬುದನ್ನು ಗಮನಿಸಿರಿ.

ಈ 19ರಲ್ಲಿ ನಾಡಿ, ರಕ್ತದೊತ್ತಡ, ಜ್ವರ ಯಾವುದೂ ಇಲ್ಲ. ಅವನ್ನು ಪ್ರತಿ ಸಲವೂ ಪ್ರತ್ಯೇಕವಾಗಿ ದಾಖಲಿಸಬೇಕು. ಬೀಟಾ ಬ್ಲಾಕರ್ ಸೇವಿಸುವವರಲ್ಲಿ ನಾಡಿ ಏರದೆಯೇ ವಿತ್‌ಡ್ರಾವಲ್ ತೀವ್ರವಾಗಬಹುದು. ಮುರಿದ ಮೂಳೆಯ ನೋವಿನಿಂದಲೂ ಬೆವರು, ಆತಂಕ ಉಂಟಾಗುವುದರಿಂದ ನೋವಿನ ಅಂಕವನ್ನೂ ಪಕ್ಕದಲ್ಲೇ ಬರೆಯಬೇಕು. ಅಂಕವನ್ನು ಔಷಧಿಗೆ ತಕ್ಕಂತೆ ಹೊಂದಿಸುವುದು, ಅಂದರೆ "ಡೋಸ್ ಕೊಡಬೇಕು, ಆದ್ದರಿಂದ 8 ಬರೆಯೋಣ" ಎಂಬ ಧೋರಣೆ, ರೋಗಿಗೆ ನೇರವಾಗಿ ಹಾನಿ ಮಾಡುತ್ತದೆ.

ಸೀವಾ ನಿಲ್ಲುವ ಕಡೆ

ಮಾಪಕದ ಹೆಚ್ಚಿನ ಅಂಶಗಳು ರೋಗಿಯ ಉತ್ತರವನ್ನು ಅವಲಂಬಿಸಿವೆ. ಅದೇ ರೋಗಿ ಗುರುವಾರ ಬೆಳಗಿನ ಜಾವ 3 ಗಂಟೆಗೆ, ಅಂದರೆ ಕೊನೆಯ ಕುಡಿತದ 54 ಗಂಟೆಗಳ ನಂತರ, ಹೊದಿಕೆಯಿಂದ ಏನನ್ನೋ ಹೆಕ್ಕುತ್ತ, ತಾನು ಕೆಲಸದ ಜಾಗದಲ್ಲಿದ್ದೇನೆಂದು ಹೇಳುತ್ತ, ಡ್ರಿಪ್ ಕೀಳಲು ಯತ್ನಿಸುತ್ತಾರೆ ಎಂದಿಟ್ಟುಕೊಳ್ಳಿ. ಅಲ್ಲಿ ಪ್ರಶ್ನೆ ಕೇಳಿ ಅಂಕ ಕೂಡಿಸುತ್ತ ಕೂರಬಾರದು. ವೈದ್ಯರನ್ನು ತಕ್ಷಣ ಕರೆಯಬೇಕು. ಚಡಪಡಿಕೆ ಮತ್ತು ಮಂಪರನ್ನು +4ರಿಂದ -5ರವರೆಗೆ ಅಳೆಯುವ ರಾಸ್ ಮಾಪಕಕ್ಕೆ ಬದಲಾಯಿಸಬೇಕು.

ಗೊಂದಲವೆಲ್ಲ ವಿತ್‌ಡ್ರಾವಲ್ ಅಲ್ಲ. ಮೊದಲು ಗ್ಲುಕೋಮೀಟರ್‌ನಲ್ಲಿ ಸಕ್ಕರೆ ನೋಡಿರಿ. ಬಿದ್ದವರಲ್ಲಿ ತಲೆಯೊಳಗಿನ ರಕ್ತಸ್ರಾವ, ಸೋಂಕು, ಆಮ್ಲಜನಕದ ಕೊರತೆ, ಯಕೃತ್ತಿನ ಕಾಯಿಲೆಯಿಂದ ಬರುವ ಮಂಕು ಇವೆಲ್ಲವೂ ಹೀಗೆಯೇ ತೋರಬಹುದು. ಒಂದೇ ಪಕ್ಕದ ಕೈಕಾಲಿಗೆ ಬಂದ ಫಿಟ್ಸ್ ಅಥವಾ ಅಸಮವಾದ ಕಣ್ಣಪಾಪೆ ಕಂಡರೆ ಅದನ್ನು ವಿತ್‌ಡ್ರಾವಲ್ ಖಾತೆಗೆ ಹಾಕಬಾರದು. ಕಣ್ಣುಗುಡ್ಡೆಯ ಚಲನೆಯಲ್ಲಿ ತೊಂದರೆ, ತೂರಾಡುವ ನಡಿಗೆ, ಗೊಂದಲ ಇವುಗಳಲ್ಲಿ ಒಂದು ಕಂಡರೂ ವರ್ನಿಕೆ ಎನ್ಸೆಫಲೋಪತಿಯ ಶಂಕೆ ಇರಲಿ. ಮೂರೂ ಕೂಡಿ ಬರುವವರೆಗೆ ಕಾಯಬಾರದು. ಥಯಮಿನ್ ಅನ್ನು ಗ್ಲೂಕೋಸ್‌ಗೆ ಮೊದಲು ಅಥವಾ ಜೊತೆಗೇ ಕೊಡುವುದು ವಾಡಿಕೆ. ಆದರೆ ಸಕ್ಕರೆ ತೀರ ಇಳಿದಿದ್ದರೆ ಥಯಮಿನ್‌ಗಾಗಿ ಗ್ಲೂಕೋಸ್ ತಡವಾಗಬಾರದು.

ಡೋಸ್ ಮತ್ತು ನಿಗಾ

ಲಕ್ಷಣಾಧಾರಿತ ಕ್ರಮದಲ್ಲಿ ಅಂಕ 8 ಅಥವಾ ಹೆಚ್ಚಿದ್ದಾಗ ಆದೇಶದಂತೆ ಡಯಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಕೊಟ್ಟು, ಒಂದು ಗಂಟೆಯ ನಂತರ ಮತ್ತೆ ಅಳೆಯಲಾಗುತ್ತದೆ. ಅಂಕ 8ಕ್ಕಿಂತ ಕೆಳಗೆ ನೆಲೆಸಿದ ಮೇಲೆ 4ರಿಂದ 8 ಗಂಟೆಗೊಮ್ಮೆ ಸಾಕು. ಯಕೃತ್ತು ಕೆಟ್ಟವರಲ್ಲಿ ಮತ್ತು ವೃದ್ಧರಲ್ಲಿ ಡಯಾಜೆಪಾಮ್ ಬಹಳ ಹೊತ್ತು ದೇಹದಲ್ಲಿ ಉಳಿಯುವುದರಿಂದ ವೈದ್ಯರು ಸಾಮಾನ್ಯವಾಗಿ ಲೊರಾಜೆಪಾಮ್ ಆರಿಸುತ್ತಾರೆ.

ಪ್ರತಿ ಡೋಸ್‌ಗೆ ಮೊದಲು ರಾಸ್, ಪೂರ್ಣ ಒಂದು ನಿಮಿಷ ಎಣಿಸಿದ ಉಸಿರಾಟದ ಗತಿ ಮತ್ತು ಆಮ್ಲಜನಕ ಮಟ್ಟ ನೋಡಬೇಕು. ರಾಸ್ -2 ಅಥವಾ ಅದಕ್ಕೂ ಕೆಳಗಿದ್ದರೆ, ಇಲ್ಲವೇ ಉಸಿರಾಟ ನಿಮಿಷಕ್ಕೆ 12ಕ್ಕಿಂತ ಕಡಿಮೆಯಿದ್ದರೆ ಡೋಸ್ ತಡೆಹಿಡಿದು ವೈದ್ಯರಿಗೆ ತಿಳಿಸಬೇಕು. ನಮ್ಮ ಪ್ರಕರಣದ ರೋಗಿಯಂತೆ ನೋವಿಗೆ ಓಪಿಯಾಯ್ಡ್ ಪಡೆಯುತ್ತಿರುವವರಲ್ಲಿ ಎರಡೂ ಔಷಧಿಗಳು ಸೇರಿ ಉಸಿರಾಟವನ್ನು ಕುಗ್ಗಿಸುವುದರಿಂದ ಈ ಎಚ್ಚರ ಇಮ್ಮಡಿಯಾಗಬೇಕು. ಗಾಢ ನಿದ್ರೆಯಲ್ಲಿರುವವರ ಚಾರ್ಟಿನಲ್ಲಿ "ಶಾಂತ, ಅಂಕ 0" ಎಂದು ಬರೆಯದೆ, ಕೂಗಿದರೆ ಎಚ್ಚರಗೊಳ್ಳುತ್ತಾರೆಯೇ ಎಂದು ನೋಡಿ ಬರೆಯಬೇಕು.

ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ವರದಿಗಳನ್ನು ಹಿಂಬಾಲಿಸಿರಿ. ನೀರಿನ ಒಳಹರಿವು-ಹೊರಹರಿವು ಬರೆಯಿರಿ. ಹಾಸಿಗೆಯನ್ನು ನರ್ಸಿಂಗ್ ಸ್ಟೇಷನ್‌ಗೆ ಹತ್ತಿರ ಇಟ್ಟು, ಬದಿಯ ರೈಲು ಏರಿಸಿ, ಸಕ್ಷನ್ ಮತ್ತು ಆಮ್ಲಜನಕ ಸಿದ್ಧವಿಡಬೇಕು. ಕೈಕಾಲು ಕಟ್ಟುವುದು ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಬೇರೆ ದಾರಿಯಿಲ್ಲದಾಗ ಮಾತ್ರ, ಲಿಖಿತ ಆದೇಶದೊಂದಿಗೆ, ನಿರಂತರ ನಿಗಾದಲ್ಲಿ ಅದು ಸಾಧ್ಯ.

ಪಾಳಿ ಬದಲಾಗುವಾಗ ಕೊನೆಯ ಅಂಕವನ್ನಷ್ಟೇ ಹೇಳಬೇಡಿರಿ. ಕೊನೆಯ ಕುಡಿತದಿಂದ ಎಷ್ಟು ಗಂಟೆ ಕಳೆದಿವೆ, ಕಳೆದ ಮೂರು ಅಂಕಗಳು ಏರುತ್ತಿವೆಯೋ ಇಳಿಯುತ್ತಿವೆಯೋ, ಒಟ್ಟು ಎಷ್ಟು ಔಷಧಿ ಹೋಗಿದೆ, ಕೊನೆಯ ಡೋಸ್ ಯಾವಾಗ, ಥಯಮಿನ್ ಕೊಟ್ಟಾಗಿದೆಯೇ ಎಂಬುದನ್ನು ರೋಗಿಯ ಹಾಸಿಗೆಯ ಬಳಿಯೇ ತಿಳಿಸಿ, ಬರುವ ನರ್ಸ್ ಮತ್ತು ಹೋಗುವ ನರ್ಸ್ ಇಬ್ಬರೂ ಕೂಡಿ ಒಮ್ಮೆ ಅಂಕ ಹಾಕಿರಿ. ಇಬ್ಬರ ಅಂಕಗಳಲ್ಲಿ ದೊಡ್ಡ ಅಂತರ ಕಂಡರೆ ಯಾವ ಅಂಶದಲ್ಲಿ ಎಂದು ಅಲ್ಲಿಯೇ ಬಗೆಹರಿಸಿಕೊಳ್ಳಿರಿ.