ಡೊಳ್ಳು ಬಾರಿಸಿರಣ್ಣ, ಹೆಣ್ಣು ಹುಟ್ಟಿದೆ

ಡೊಳ್ಳು ಬಾರಿಸಿರಣ್ಣ, ಹೆಣ್ಣು ಹುಟ್ಟಿದೆ!
ಕೆಳಗಿನ ಓಣಿಯ ಕೊನೆಯ ಮನೆಗೆ
ಆಸ್ಪತ್ರೆಯಿಂದ ಇವತ್ತು ಬಂದಿದೆ ಕೂಸು.
ಮುಷ್ಟಿ ಬಿಗಿದು ಅಳುತ್ತಿತ್ತು,
ಆಶಾ ಅಕ್ಕ ಎತ್ತಿಕೊಂಡು ನಕ್ಕರು:
"ಮೂರು ಕೆಜಿ! ಗಟ್ಟಿ ಕೂಸು, ನೋಡವ್ವ."

ಹೊಟ್ಟೆಯಲ್ಲಿದ್ದಾಗ ಗಂಡೋ ಹೆಣ್ಣೋ ಅಂತ
ಈ ಮನೆಯಲ್ಲಿ ಯಾರೂ ಕೇಳಲಿಲ್ಲ.
ಕೇಳುವುದೂ ತಪ್ಪು, ಹೇಳುವುದೂ ತಪ್ಪು.

ನಾನು ಹುಟ್ಟಿದ ರಾತ್ರಿ ನಮ್ಮಜ್ಜಿ
ಗೋಡೆ ಕಡೆ ಮುಖ ಮಾಡಿ ಮಲಗಿದಳಂತೆ.
"ಮತ್ತೆ ಹೆಣ್ಣಾ?" ಅಂದಳಂತೆ, ಅಷ್ಟೇ.
ಪೇಡೆ ತರಲು ಹೊರಟಿದ್ದ ಅಪ್ಪ
ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟನಂತೆ.
ಅವ್ವ ಇದನ್ನು ಹೇಳಿದ್ದು ಒಂದೇ ಸಲ,
ಜೋಳದ ಹಿಟ್ಟು ನಾದುತ್ತಾ, ತಲೆ ಎತ್ತದೆ.

ಡೊಳ್ಳು ಬಾರಿಸಿರಣ್ಣ, ಹೆಣ್ಣು ಹುಟ್ಟಿದೆ!
ಆ ರಾತ್ರಿ ಬಾರಿಸದ ಡೊಳ್ಳೂ ಸೇರಿಸಿ ಬಾರಿಸಿ!

ತುಂಗಭದ್ರೆ ಕಾಲುವೆಗೆ ನೀರು ಬಿಟ್ಟಾಗ
ಮೊಣಕಾಲುದ್ದ ಕೆಸರಲ್ಲಿ ಬೆನ್ನು ಬಾಗಿಸಿ
ಗದ್ದೆ ತುಂಬ ಭತ್ತ ನೆಟ್ಟವರು ಯಾರು?
ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ,
ಕಳೆ ಕಿತ್ತು ಕಿತ್ತು ಸೀಳಿದ ಕೈ ಯಾರದು?
ಸಂಜೆ ಕೂಲಿ ಎಣಿಸುವಾಗ ಮಾತ್ರ
ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ.
ಹೊತ್ತು ಒಂದೇ ಅಲ್ವಾ? ಬಿಸಿಲು ಒಂದೇ ಅಲ್ವಾ?

ಈ ಕೂಸಿಗೆ ಹಾಗಾಗುವುದು ಬೇಡ.
ಅಣ್ಣನ ರೊಟ್ಟಿಗೆ ಬೆಣ್ಣೆ ಹಚ್ಚಿದರೆ
ತಂಗಿಯ ರೊಟ್ಟಿಗೂ ಬೆಣ್ಣೆ ಹಚ್ಚಿರಿ.
ಅವನಿಗೆ ಪಾಟಿಚೀಲ, ಇವಳಿಗೂ ಪಾಟಿಚೀಲ.
"ಏಳನೇತ್ತ ಮುಗೀತು, ಸಾಕು" ಅನ್ನಬೇಡಿ.
ಹೈಸ್ಕೂಲು ಪಕ್ಕದೂರಲ್ಲಿ ಇದ್ದರೇನು?
ಓಣಿಯ ಹುಡುಗಿಯರೆಲ್ಲ ಕೂಡಿ ಹೋಗಲಿ,
ಸೈಕಲ್ಲಿನ ಗಂಟೆ ದಾರಿಯುದ್ದ ಕೇಳಲಿ.
18 ತುಂಬದೆ ಬಾಸಿಂಗ ಕಟ್ಟಬೇಡಿ.

ಇನ್ನು ದೇವರ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡುವುದು.
ಈ ಮಾತು ಆಡಲು ನನ್ನ ಗಂಟಲು ಬಿಗಿಯುತ್ತದೆ.
ಕೊಪ್ಪಳ, ರಾಯಚೂರು, ಬಳ್ಳಾರಿ, ಯಾವ ಕಡೆ ಹೋದರೂ
ಆ ಮುತ್ತಿನ ಭಾರ ಹೊತ್ತ ತಾಯಂದಿರಿದ್ದಾರೆ.
1982ರಲ್ಲೇ ಬೇಡ ಅಂತ ಕಾನೂನು ಆಯಿತು.
ನಮ್ಮ ನಮ್ಮ ಹೊಸ್ತಿಲಲ್ಲಿ ಅಡ್ಡ ನಿಲ್ಲಬೇಕಾದವರು ನಾವು.

ಮುಂದೆ ಹೊಲ ಪಾಲಾಗುವ ದಿನ ಬಂದರೆ
ಹಿರಿಯರೇ, ಇವಳನ್ನೂ ಕರೆದು ಕೂರಿಸಿ.
2005ರ ಕಾನೂನು ಹೇಳಿದೆ, ಹಿರಿಯರ ಆಸ್ತಿಯಲ್ಲಿ
ಮಗನಷ್ಟೇ ಪಾಲು ಮಗಳಿಗೂ ಉಂಟು.
ಒಂದು ಸೀರೆ ಉಡಿಸಿ, ಉಡಿ ತುಂಬಿ,
ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸಬೇಡಿ.

ಡೊಳ್ಳು ಬಾರಿಸಿರಣ್ಣ, ಹೆಣ್ಣು ಹುಟ್ಟಿದೆ!
ಅಗಸಿಯಿಂದ ಗುಡಿತನಕ, ಗುಡಿಯಿಂದ ಕೆಳಗಿನ ಓಣಿಗೆ
ಎಲ್ಲರೂ ಬನ್ನಿ, ಗಂಡಸರು ಮುಂದೆ ಬನ್ನಿ!
ಜಂತಿಗೆ ತೊಟ್ಟಿಲು ಕಟ್ಟಿದ್ದಾರೆ,
ಮೇಲೆ ಕಿನ್ನಾಳದ ಬಣ್ಣದ ಗೊಂಬೆ ತೂಗುತ್ತಿದೆ.
ಸೋದರತ್ತೆ ಕಿವಿಯಲ್ಲಿ ಹೇಳುವ ಹೆಸರನ್ನು
ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾಳೆ.

ಮನೆ ಬಂತು. ಡೊಳ್ಳು ಇಲ್ಲೇ ನಿಲ್ಲಿಸಿರಣ್ಣ,
ಬಾಣಂತಿಗೆ ಈಗಷ್ಟೇ ಕಣ್ಣು ಹತ್ತಿದೆ.
ಕೂಸಿನ ಅಜ್ಜ ಪೇಡೆಯ ಡಬ್ಬಿ ಹಿಡಿದು
ಬಾಗಿಲಲ್ಲೇ ನಿಂತಿದ್ದಾರೆ.
ಮೆಲ್ಲಗೆ, ಒಬ್ಬೊಬ್ಬರಾಗಿ ಬನ್ನಿ.