ನೀರುದೋಸೆ ಹಿಟ್ಟು ಬಿಡುಗಡೆ: ಒಂದು ಸ್ಕ್ರಿಪ್ಟಿನಿಂದ ಐದು ವಿಡಿಯೊ

ನಿರ್ದೇಶಕರು, ಕ್ಯಾಮೆರಾದವರು, ಎಡಿಟರ್ ಮತ್ತು ಜಾಹೀರಾತು ಓಡಿಸುವವರಿಗೆ

ವಸ್ತು: ನೀರುದೋಸೆ ಹಿಟ್ಟು, 1 ಕೆ.ಜಿ. ಪೌಚ್, 70 ರೂಪಾಯಿ. ಮನೆ ಮನೆಗೆ ತಲುಪಿಸುವುದು ಉಡುಪಿ, ಮಣಿಪಾಲ, ಮಲ್ಪೆಯಲ್ಲಿ ಮಾತ್ರ. ಚಿತ್ರೀಕರಣ ಒಂದೇ ದಿನ, ಒಂದೇ ಅಡುಗೆಮನೆ.

ಮುಖ್ಯ ಜಾಹೀರಾತು ಮುಗಿದ ಮೇಲೆ ಅದನ್ನೇ ಕತ್ತರಿಸಿ ಉಳಿದ ವಿಡಿಯೊ ಮಾಡುವ ಕ್ರಮ ಇಲ್ಲಿ ಬೇಡ. ಟೀಸರ್ ನೋಡುವವರಿಗೆ ಒಂದು ಪ್ರಶ್ನೆ ಹುಟ್ಟಬೇಕು, ಮುಖ್ಯ ಜಾಹೀರಾತಿನಲ್ಲಿ ಅದಕ್ಕೆ ಉತ್ತರ ಸಿಗಬೇಕು. ರಿಟಾರ್ಗೆಟಿಂಗ್ ತುಣುಕು ನೋಡುವವರಿಗೆ ಉತ್ತರ ಗೊತ್ತಿದೆ, ಆದರೂ ಕೊಂಡಿಲ್ಲ. ಅವರಲ್ಲಿ ಉಳಿದಿರುವುದು ಅನುಮಾನ. ಹಾಗಾಗಿ ಆ ಅನುಮಾನಗಳ ಮಾತು ಮೂಲ ಸ್ಕ್ರಿಪ್ಟಿನಲ್ಲೇ ಇರಬೇಕು.

ಮೂಲ ಸ್ಕ್ರಿಪ್ಟು, 70 ಸೆಕೆಂಡು

ದೃಶ್ಯ 1. ಕಪ್ಪು ಪರದೆ. ಕಾದ ಕಾವಲಿಗೆ ಹಿಟ್ಟು ಬಿದ್ದ "ಚುಂಯ್" ಶಬ್ದ. ಪರದೆ ಬೆಳಗಿದಾಗ ಕಾವಲಿಯ ತೀರಾ ಹತ್ತಿರದ ಶಾಟ್: ಹಿಟ್ಟು ಹರಿದು, ತೂತು ತೂತಾಗಿ ಹಿಡಿದುಕೊಳ್ಳುತ್ತದೆ.

ದೃಶ್ಯ 2. ಅಜ್ಜಿ (ಒಳಗಿನಿಂದ, ಮುಖ ಕಾಣುವುದಿಲ್ಲ): "ನೀರುದೋಸೆಯಾ? ಅಕ್ಕಿ ಯಾವಾಗ ನೆನೆಹಾಕಿದ್ದಿ ಮಾರಾಯ?"
ಮೊಮ್ಮಗ: "ಹಾಕ್ಲೇ ಇಲ್ಲ ಅಜ್ಜಿ."

ದೃಶ್ಯ 3. ಅಜ್ಜಿ ಬಂದು ಮಿಕ್ಸಿ ಜಾರಿನೊಳಗೆ ಬೆರಳಾಡಿಸುತ್ತಾರೆ. ಒಣಗಿದೆ. "ಮಿಕ್ಸಿ ಶಬ್ದವೂ ಕೇಳ್ಲಿಲ್ಲ. ಮತ್ತೆ ಇದೆಲ್ಲಿಂದ?"
ಮೊಮ್ಮಗ ಪೌಚ್ ಎತ್ತುತ್ತಾನೆ: "ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ, ಉಪ್ಪು, ನೀರು. ಬೇರೆಂತದೂ ಇಲ್ಲ."

ದೃಶ್ಯ 4. ಹಿಟ್ಟು ಪಾತ್ರೆಗೆ, ಮೇಲೆ 300 ಮಿ.ಲೀ. ನೀರು. ಸೌಟಿನಿಂದ ಎತ್ತಿ ಬಿಟ್ಟರೆ ಮಜ್ಜಿಗೆಯ ಹಾಗೆ ಇಳಿಯಬೇಕು.
ಅಜ್ಜಿ: "ಪ್ರತಿ ದೋಸೆಗೂ ಅಡಿಯಿಂದ ಕಲಕು. ಅಕ್ಕಿ ಕೆಳಗೆ ಕೂತಿರ್ತದೆ."

ದೃಶ್ಯ 5. ಎರೆಯುವುದು, ಮುಚ್ಚುವುದು, ಮುಚ್ಚಳ ತೆಗೆದಾಗ ಅಂಚು ಎದ್ದಿರುವುದು, ಮಗುಚದೆ ಸಟ್ಟುಗದಿಂದ ಮಡಚುವುದು. ಮಾತಿಲ್ಲ.

ದೃಶ್ಯ 6. ತಟ್ಟೆಯಲ್ಲಿ ದೋಸೆ, ಒಂದು ಬದಿ ಕಾಯಿಬೆಲ್ಲ, ಇನ್ನೊಂದು ಬದಿ ಬಂಗುಡೆ ಗಸಿ.
ಅಜ್ಜಿ: "ಉಳಿದ ಹಿಟ್ಟು ಹುಳಿ ಬರ್ತದಾ?"
ಮೊಮ್ಮಗ: "ಫ್ರಿಜ್ಜಲ್ಲಿಟ್ರೆ ಎರಡು ದಿನ ಇರ್ತದೆ. ಮತ್ತೆ ಬೇಕಾದ್ರೆ ಬೇರೆ ತರಿಸುವ."

ದೃಶ್ಯ 7. ಬಾಗಿಲ ಬಳಿ ಪೌಚ್. ಹಿನ್ನೆಲೆ ದನಿ: "ರಾತ್ರಿ ಎಂಟರೊಳಗೆ ವಾಟ್ಸಾಪ್ ಮಾಡಿ. ಬೆಳಿಗ್ಗೆ ಆರೂವರೆಗೆ ನಿಮ್ಮ ಬಾಗಿಲಿಗೆ."

ಚಿತ್ರೀಕರಣದಲ್ಲಿ ತಪ್ಪಬಾರದ್ದು

ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳಬಾರದು. ಪ್ರತಿ ಮಾತಿನ ಹಿಂದೆ ಮುಂದೆ ಒಂದು ಸೆಕೆಂಡು ಮೌನ ಇರಲಿ. ಇಲ್ಲವಾದರೆ 6 ಸೆಕೆಂಡಿನ ತುಣುಕಿಗೆ ಕತ್ತರಿಸುವ ಜಾಗವೇ ಇರುವುದಿಲ್ಲ. ಪೂರ್ತಿ ದೃಶ್ಯ ಒಪ್ಪಿದ ಮೇಲೆ ದೃಶ್ಯ 4 ಮತ್ತು 6ರ ಮಾತುಗಳನ್ನು ಕ್ಯಾಮೆರಾದ ಕಡೆ ನೋಡಿ ಇನ್ನೊಮ್ಮೆ ಹೇಳಿಸಿ. ಬೆಲೆಯನ್ನು ಯಾರ ಬಾಯಲ್ಲೂ ಹೇಳಿಸಬೇಡಿ. ಅದು ಅಕ್ಷರದಲ್ಲಿ ಮಾತ್ರ ಬರಲಿ, ನಾಳೆ ಬದಲಾದರೆ ಅಕ್ಷರ ತಿದ್ದಿದರೆ ಸಾಕು.

"ಚುಂಯ್" ಶಬ್ದವೇ ಈ ಜಾಹೀರಾತಿನ ಜೀವ. ಫ್ಯಾನ್, ಫ್ರಿಜ್ ಆಫ್ ಮಾಡಿ, ಮೈಕನ್ನು ಕಾವಲಿಯ ಬದಿಯಿಂದ ಹಿಡಿಯಿರಿ. ಮೇಲಿಂದ ಹಿಡಿದರೆ ಹಬೆ ಹೊಡೆಯುತ್ತದೆ. ಮೊದಲ ಎರಡು ದೋಸೆ ಲೆಕ್ಕಕ್ಕಿಲ್ಲ, ಕಾವಲಿ ಪಳಗುವವರೆಗೆ ಅವು ಹರಿಯುತ್ತವೆ. ಕಾವಲಿ ಸಾಕಷ್ಟು ಕಾಯದಿದ್ದರೆ ತೂತು ಬೀಳುವುದಿಲ್ಲ, ಹಿಟ್ಟು ದಪ್ಪವಾದರೆ ದೋಸೆ ಬಿಳಿ ಹಾಳೆಯಂತಾಗುತ್ತದೆ. ಎರಡರಲ್ಲಿ ಯಾವುದಾದರೂ ಆ ಹತ್ತಿರದ ಶಾಟಿನಲ್ಲಿ ಕಂಡರೆ ಉಡುಪಿಯ ಯಾವ ಮನೆಯಲ್ಲೂ ಈ ಹಿಟ್ಟನ್ನು ನಂಬುವುದಿಲ್ಲ. ಮುಚ್ಚಳ ತೆಗೆಯುವ ಶಾಟಿಗೆ ಲೆನ್ಸ್ ದೂರವಿಟ್ಟು ಜೂಮ್ ಮಾಡಿ, ಹತ್ತಿರ ಹೋದರೆ ಮಂಜು ಕಟ್ಟುತ್ತದೆ.

ಎಲ್ಲವನ್ನೂ 4ಕೆಯಲ್ಲಿ ಅಡ್ಡವಾಗಿ ತೆಗೆದು, ಮುಖ್ಯವಾದದ್ದನ್ನು ಚೌಕಟ್ಟಿನ ನಡುವೆ ಇಡಿ. ಪೌಚ್ ಎತ್ತುವ ಶಾಟ್ ಮತ್ತು ದೃಶ್ಯ 7ನ್ನು ಮಾತ್ರ ನಿಲುವಾಗಿ ಬೇರೆ ತೆಗೆಯಿರಿ. ಅಡ್ಡ ಶಾಟನ್ನು 9:16ಕ್ಕೆ ಕತ್ತರಿಸಿದರೆ ಕೈ ಅಥವಾ ಪೌಚ್, ಎರಡರಲ್ಲೊಂದು ಹೊರಗುಳಿಯುತ್ತದೆ.

ಟೀಸರ್, 10 ಸೆಕೆಂಡು, 9:16 (ಮಂಗಳವಾರದಿಂದ ಶುಕ್ರವಾರ)

0–2: ಕಪ್ಪು ಪರದೆ, "ಚುಂಯ್". ದೊಡ್ಡ ಅಕ್ಷರ: ಈ ಶಬ್ದ ಗೊತ್ತುಂಟಾ?
2–4: ಕಾವಲಿಯ ಹತ್ತಿರದ ಶಾಟ್.
4–7: "ಅಕ್ಕಿ ಯಾವಾಗ ನೆನೆಹಾಕಿದ್ದಿ ಮಾರಾಯ?" "ಹಾಕ್ಲೇ ಇಲ್ಲ ಅಜ್ಜಿ."
7–10: ಮಿಕ್ಸಿ ಜಾರಿನಲ್ಲಿ ಅಜ್ಜಿಯ ಬೆರಳು. ಅಕ್ಷರ: ಶನಿವಾರ ಬೆಳಿಗ್ಗೆ. ಉಡುಪಿ, ಮಣಿಪಾಲ, ಮಲ್ಪೆ.

ಪೌಚಿನ ಮೂಲೆಯೂ ಕಾಣಬಾರದು. ಫೋನ್ ಮ್ಯೂಟ್ ಇದ್ದವರಿಗೆ ಬರೀ ಕಪ್ಪು ಪರದೆ ಕಂಡರೆ ಬೆರಳು ಮೇಲೆ ಜಾರುತ್ತದೆ, ಅದಕ್ಕೇ ಮೊದಲ ಫ್ರೇಮಿನಿಂದಲೇ ಅಕ್ಷರ. ರೀಲ್ಸಿನ ಕೆಳಭಾಗವನ್ನು ಖಾತೆಯ ಹೆಸರು, ವಿವರ, ಬಟನ್ ಮುಚ್ಚುತ್ತವೆ. ಕೆಳಗಿನ ಮೂರನೇ ಒಂದು ಭಾಗಕ್ಕಿಂತ ಮೇಲೆಯೇ ಬರೆಯಿರಿ.

ಮುಖ್ಯ ಜಾಹೀರಾತು, 30 ಸೆಕೆಂಡು, 16:9 ಮತ್ತು 9:16 (ಶನಿವಾರ ಬೆಳಿಗ್ಗೆ 6ರಿಂದ)

0–4: ಕಾವಲಿಯ ಶಾಟ್ ಮೇಲೆ ದೃಶ್ಯ 2ರ ಮಾತು. "ನೀರುದೋಸೆಯಾ?" ಬಿಡಿ, "ಅಕ್ಕಿ ಯಾವಾಗ" ಎಂಬಲ್ಲಿಂದ ಶುರು.
4–10: ಪೌಚ್ ಎತ್ತುವುದು. "ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ, ಉಪ್ಪು, ನೀರು. ಬೇರೆಂತದೂ ಇಲ್ಲ."
10–17: ನೀರು ಸೇರಿಸುವುದು, ಕಲಕುವುದು. ಅಕ್ಷರ: 300 ಮಿ.ಲೀ. ನೀರು.
17–23: ದೃಶ್ಯ 5. ಸಂಗೀತ ಪೂರ್ತಿ ತೆಗೆದು ಕಾವಲಿಯ ಶಬ್ದ ಮಾತ್ರ.
23–30: ದೃಶ್ಯ 7. ಅಕ್ಷರ: 1 ಕೆ.ಜಿ., 70 ರೂ.

ಯೂಟ್ಯೂಬಿನಲ್ಲಿ 5 ಸೆಕೆಂಡಿಗೆ ಸ್ಕಿಪ್ ಬಟನ್ ಬರುತ್ತದೆ. ಪೌಚ್ ಅದಕ್ಕಿಂತ ಮೊದಲೇ ಕಾಣಲೇಬೇಕು. ಹುಳಿಯ ಮಾತನ್ನು ಇಲ್ಲಿ ಬೇಕೆಂದೇ ಬಿಟ್ಟಿದೆ. ಮೊದಲ ಸಲ ನೋಡುವವರಿಗೆ ಆ ಅನುಮಾನ ಇನ್ನೂ ಬಂದಿರುವುದಿಲ್ಲ, ನಾವಾಗಿ ಅದನ್ನು ಎಬ್ಬಿಸುವುದು ಬೇಡ. "ತಾಜಾ" ಎಂಬ ಪದ ಎಲ್ಲೂ ಹಾಕಬೇಡಿ. ಅಂಥ ಪದಗಳ ಬಳಕೆಗೆ ಎಫ್‌ಎಸ್‌ಎಸ್‌ಎಐಯ 2018ರ ಜಾಹೀರಾತು ನಿಯಮಗಳಲ್ಲಿ ಷರತ್ತುಗಳಿವೆ.

ರಿಟಾರ್ಗೆಟಿಂಗ್ ತುಣುಕುಗಳು (ಬಿಡುಗಡೆಯ ಐದನೇ ದಿನದಿಂದ)

ತುಣುಕು ಒಂದು, 15 ಸೆಕೆಂಡು. ಮುಖ್ಯ ಜಾಹೀರಾತನ್ನು 75% ನೋಡಿ ಸುಮ್ಮನಾದವರಿಗೆ. ಅವರ ಅನುಮಾನ: ನಮ್ಮ ಮನೆಯಲ್ಲಿ ಏಳುತ್ತದಾ?
0–6: ಅಜ್ಜಿ ಕ್ಯಾಮೆರಾ ನೋಡಿ: "ಪ್ರತಿ ದೋಸೆಗೂ ಅಡಿಯಿಂದ ಕಲಕು. ಅಕ್ಕಿ ಕೆಳಗೆ ಕೂತಿರ್ತದೆ."
6–11: ಮುಚ್ಚಳ, ಎದ್ದ ಅಂಚು, ಮಡಚುವುದು.
11–15: ಪೌಚ್. ಅಕ್ಷರ: ವಾಟ್ಸಾಪ್ ಮಾಡಿ.

ತುಣುಕು ಎರಡು, 15 ಸೆಕೆಂಡು. ಆರ್ಡರ್ ಪುಟ ತೆರೆದು ಮುಚ್ಚಿದವರಿಗೆ.
0–3: "ಉಳಿದ ಹಿಟ್ಟು ಹುಳಿ ಬರ್ತದಾ?"
3–8: "ಫ್ರಿಜ್ಜಲ್ಲಿಟ್ರೆ ಎರಡು ದಿನ ಇರ್ತದೆ. ಮತ್ತೆ ಬೇಕಾದ್ರೆ ಬೇರೆ ತರಿಸುವ."
8–12: ಪೌಚಿನ ಹಿಂಬದಿ, ಅರೆದ ದಿನಾಂಕ ಓದುವಷ್ಟು ಹತ್ತಿರ. ಆ ದಿನದ ಪೌಚನ್ನೇ ಬಳಸಿ. ಹಳೆಯ ದಿನಾಂಕ ಕಂಡರೆ ಉತ್ತರವೇ ಸುಳ್ಳಾಗುತ್ತದೆ.
12–15: ಅಕ್ಷರ: ಆರ್ಡರ್ ರಾತ್ರಿ 8ರೊಳಗೆ.

ತುಣುಕು ಮೂರು, 6 ಸೆಕೆಂಡು, ಯೂಟ್ಯೂಬ್ ಬಂಪರ್. ಮೊದಲು ನೋಡಿದ ಎಲ್ಲರಿಗೂ, ಸಂಜೆ 5ರಿಂದ 8ರವರೆಗೆ ಮಾತ್ರ.
0–2: "ಚುಂಯ್", ಕಾವಲಿ. 2–6: ಬಾಗಿಲಲ್ಲಿ ಪೌಚ್. ದನಿ: "ಈಗ ಹೇಳಿದ್ರೆ ಬೆಳಿಗ್ಗೆ ಆರೂವರೆಗೆ." ಈ ಮಾತು ಮೂಲದಲ್ಲಿಲ್ಲ, ದೃಶ್ಯ 7ರ ದನಿ ಮುದ್ರಿಸುವಾಗಲೇ ಹೇಳಿಸಿಕೊಳ್ಳಿ.

ಮೂರಕ್ಕೂ ಮಾತು, ಶಬ್ದ, ಸಂಗೀತ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೊಡಿ. ಬೆರೆಸಿದ ಆಡಿಯೊ ಕತ್ತರಿಸಿದರೆ ಸಂಗೀತ ಮಧ್ಯದಲ್ಲೇ ಹಾರುತ್ತದೆ.

ಕೊಂಡವರ ಪಟ್ಟಿಯನ್ನು ಪ್ರತಿ ರಾತ್ರಿ ಮೂರೂ ತುಣುಕುಗಳಿಂದ ಹೊರಗಿಡಿ, ಏಳು ದಿನ ಕಳೆದ ಮೇಲೆ ತುಣುಕು ಮೂರಕ್ಕೆ ಮಾತ್ರ ಮರಳಿ ಸೇರಿಸಿ: ಹಿಟ್ಟು ಮತ್ತೆ ಮತ್ತೆ ಬೇಕಾಗುವ ವಸ್ತು. ನಮ್ಮ ಊರು ಚಿಕ್ಕದು, ಅದೇ ಜನರಿಗೆ ಅದೇ ವಿಡಿಯೊ ಸುತ್ತುವುದು ಬೇಗ ಶುರುವಾಗುತ್ತದೆ. ಒಬ್ಬರಿಗೆ ವಾರಕ್ಕೆ ಸರಾಸರಿ 4 ಸಲ ದಾಟಿದರೆ ಬಜೆಟ್ ಇಳಿಸಿ, ತುಣುಕು ಒಂದರ ಮೊದಲ ಶಾಟಿಗೆ ತಟ್ಟೆಯ ಕಾಯಿಬೆಲ್ಲದ ಶಾಟ್ ಹಾಕಿ ಹೊಸದಾಗಿ ಏರಿಸಿ.