ಮೈಸೂರಿಗೆ ಹೊರಟ ಪುಟ್ಟಿಗೆ, ಅತ್ತೆಯಿಂದ

ಪುಟ್ಟಿ,

ಈ ಕಾಗದವನ್ನು ಚಕ್ಕುಲಿ ಡಬ್ಬದ ಕೆಳಗೆ ಇಟ್ಟಿದ್ದೇನೆ. ನಿಮ್ಮಪ್ಪ ನಿನ್ನನ್ನು ಹಾಸ್ಟೆಲ್‌ಗೆ ಬಿಟ್ಟು ಬಸ್ ಹತ್ತಿದ ಮೇಲೆ ನಿನ್ನ ಕೈಗೆ ಸಿಗಲಿ ಅಂತ. ಆ ಹೊತ್ತು ಹೇಗಿರುತ್ತದೆ ಅನ್ನುವುದು ನನಗೆ ಗೊತ್ತು.

ನಾನು ಮೈಸೂರು ಸೇರಿ ಮೂರೇ ವಾರಕ್ಕೆ ಬ್ಯಾಗ್ ತುಂಬಿಕೊಂಡು ಬಂದುಬಿಟ್ಟಿದ್ದೆ. ಕ್ಲಾಸಿನಲ್ಲಿ ಇಂಗ್ಲಿಷ್ ತಲೆಗೆ ಹತ್ತುತ್ತಿರಲಿಲ್ಲ. ಊಟಕ್ಕೆ ಮುದ್ದೆ ಇಲ್ಲ. 'ಬತ್ತೀನಿ, ಹೋಯ್ತೀನಿ' ಅಂದರೆ ರೂಮಿನವರು ನಗುತ್ತಿದ್ದರು. ಬನ್ನೂರು ದಾಟುವವರೆಗೂ ಬಸ್ಸಿನಲ್ಲಿ ಅಳುತ್ತಲೇ ಇದ್ದೆ. ಇನ್ನು ಓದುವುದಿಲ್ಲ ಅಂತ ತೀರ್ಮಾನ ಮಾಡಿಕೊಂಡೇ ಮಳವಳ್ಳಿಯಲ್ಲಿ ಇಳಿದೆ.

ನಿನ್ನ ತಾತ ಗದ್ದೆಯಲ್ಲಿದ್ದರು. ನಾಟಿ ಮುಗಿದು ನಾಲ್ಕು ದಿನ ಆಗಿತ್ತು. ಬೈಯಲಿಲ್ಲ. ಬದುವಿನ ಮೇಲೆ ಕೂರಿಸಿಕೊಂಡು ಹೇಳಿದರು: "ನೋಡವ್ವ, ಒಟ್ಲಿಂದ ಕಿತ್ತು ನೆಟ್ಟ ಪೈರು ನಾಕು ದಿನ ಹಳದಿ ತಿರುಗ್ತದೆ. ಹಂಗಂತ ಕಿತ್ತು ವಾಪಸ್ ಒಟ್ಲಿಗೆ ಹಾಕ್ತೀವಾ? ಬೇರು ಕಚ್ಚೋಗಂಟ ನೀರು ಕಟ್ತೀವಿ." ರಾತ್ರಿ ಅಮ್ಮ ಬಿಸಿ ಮುದ್ದೆ, ಉಪ್ಸಾರು ಬಡಿಸಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ತಾತನೇ ಹತ್ತಿಸಿ ಬಂದರು.

ದಸರಾ ಹೊತ್ತಿಗೆ ನಾನು ಸರಿಹೋಗಿದ್ದೆ. ಯಾವ ದಿನದಿಂದ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಒಂದು ದಿನ ಪಾಠ ಅರ್ಥವಾಗದೆ ಎದ್ದು ನಿಂತು, "ಸರ್, ಇದನ್ನು ಕನ್ನಡದಲ್ಲಿ ಹೇಳ್ತೀರಾ?" ಅಂದೆ. ಕ್ಲಾಸ್ ಮುಗಿದ ಮೇಲೆ ಐದು ಜನ ಬಂದು, "ನಮಗೂ ಅರ್ಥ ಆಗಿರಲಿಲ್ಲ" ಅಂದರು. ನೀನೂ ಕೇಳು. ನಾಚಿಕೆ ಪಡಬೇಡ. ಎಸ್ಸೆಸ್ಸೆಲ್ಸಿಯವರೆಗೂ ಕನ್ನಡದಲ್ಲಿ ಓದಿದ್ದು ಕೊರತೆಯಲ್ಲ ಮಗಳೇ, ಅದು ನಿನ್ನ ಬುನಾದಿ.

ಮನಸ್ಸು ಭಾರವಾದಾಗ ರೂಮಿನಲ್ಲಿ ಒಬ್ಬಳೇ ಮಲಗಬೇಡ. ಗೆಳತಿಯರ ಜೊತೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು ಬಾ. ಕುಪ್ಪಳಿಯಿಂದ ಓದಲು ಬಂದ ಕುವೆಂಪು ಅವರೂ ಅದೇ ಕೆರೆ ದಂಡೆಯಲ್ಲಿ ನಡೆದವರು. 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಕುಲಪತಿಯಾದರು. ಅಲ್ಲಿ ನಡೆಯುವಾಗ ನನಗಂತೂ ಧೈರ್ಯ ಬರುತ್ತಿತ್ತು.

ದುಡ್ಡು ಬೇಕಾದರೆ ನನ್ನನ್ನು ಕೇಳು, ನಿಮ್ಮಪ್ಪನಿಗೆ ಹೇಳುವುದಿಲ್ಲ. ಊರಿನ ನೆನಪು ಜಾಸ್ತಿಯಾದರೆ ಶನಿವಾರ ಬಂದುಬಿಡು. ಈಗ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ, ಆಧಾರ್ ಕಾರ್ಡ್ ಜೊತೆಗಿಟ್ಟುಕೊಂಡರೆ ಸಾಕು. ಅತ್ತುಕೊಂಡು ಬಂದರೂ ಪರವಾಗಿಲ್ಲ, ಯಾರೂ ಏನೂ ಅನ್ನುವುದಿಲ್ಲ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಹತ್ತಿಸುತ್ತೇನೆ.

ಚಕ್ಕುಲಿ ಎರಡು ಸೇರಿನಷ್ಟಿದೆ. ನಿನ್ನೊಬ್ಬಳಿಗೆ ಅಂತ ಮಾಡಿದ್ದಲ್ಲ. ಪಕ್ಕದ ಮಂಚದ ಹುಡುಗಿಯೂ ಇವತ್ತೇ ಬಂದಿರಬಹುದು. ಈಗಲೇ ಡಬ್ಬ ತೆಗೆದು ಅವಳಿಗೆ ಮೊದಲು ಕೊಡು.

ನಿನ್ನ ಅತ್ತೆ